ಮನೆಯಲ್ಲಿ ಹಾಡಿದ ಭಜನೆ ಮಂಕಾದರೆ: ಇಕ್ಯೂ ಮುಟ್ಟುವ ಮುಂಚೆ ಶ್ರುತಿ ಕೇಳಿ

ನವರಾತ್ರಿ ಹತ್ತಿರ ಬಂತೆಂದರೆ ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲಿ ದೇವರನಾಮ ರೆಕಾರ್ಡ್ ಮಾಡುವ ಹುರುಪು ಶುರುವಾಗುತ್ತದೆ. ಒಂದು ಮೈಕು, ಒಂದು ಲ್ಯಾಪ್‌ಟಾಪು, ಹತ್ತಡಿಯ ಬೆಡ್‌ರೂಮು. ಹಾಡು ಚೆನ್ನಾಗೇ ಇರುತ್ತದೆ. ಕೇಳಿದರೆ ಮಾತ್ರ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿರುತ್ತದೆ. ಸಾಹಿತ್ಯ ತಿಳಿಯುವುದಿಲ್ಲ, ಹಾರ್ಮೋನಿಯಂ ಯಾವುದು ಗಂಟಲು ಯಾವುದು ಗೊತ್ತಾಗುವುದಿಲ್ಲ. ಆಗ ಎಲ್ಲರೂ ಮೊದಲು ಮಾಡುವ ಕೆಲಸ ಟ್ರೆಬಲ್ ಏರಿಸುವುದು. ಮಂಕು ಅಲ್ಲೇ ಉಳಿಯುತ್ತದೆ, ಜೊತೆಗೆ ‘ಸ’ ‘ಶ’ ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಇಲ್ಲಿ ಬೇಕಾದದ್ದು ಸೇರಿಸುವುದಲ್ಲ, ತೆಗೆಯುವುದು.

ಆದರೆ ತೆಗೆಯುವ ಮುಂಚೆ ಮೈಕಿನ ದೂರ ನೋಡಿ. ಎದುರಿನ ಸದ್ದನ್ನೇ ಜಾಸ್ತಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಬಾಯಿ ತೀರಾ ಹತ್ತಿರ ಹೋದಷ್ಟೂ ತಗ್ಗಿನ ಸ್ವರಗಳು ಉಬ್ಬುತ್ತವೆ. ಒಂದು ಗೇಣು ದೂರ ಕೂತರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಫ್ಯಾನ್ ಆಫ್ ಮಾಡಿ, ಎದುರು ಗೋಡೆಗೆ ಹಾಸಿಗೆ ಒರಗಿಸಿ. ಹಾಸಿಗೆಯಿಂದ ಮೇಲಿನ ಸ್ವರಗಳ ಪ್ರತಿಧ್ವನಿ ಕಮ್ಮಿಯಾಗುತ್ತದೆ, ತಗ್ಗಿನ ಗುಂಯ್‌ಗುಡುವಿಕೆಯ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅದಕ್ಕೇ ಇಕ್ಯೂ ಬೇಕಾಗುವುದು, ಅಂದರೆ ತಗ್ಗಿನ, ಮೇಲಿನ ಸದ್ದುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್.

ನನ್ನ ಸೊಸೆಯ ಹಾಡನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅವಳು ಕರಿ ನಾಲ್ಕರಲ್ಲಿ ಹಾಡುತ್ತಾಳೆ, ಅಂದರೆ ಜಿ ಶಾರ್ಪ್. ಅವಳ ಮಧ್ಯದ ಸ ಸುಮಾರು 208 ಹರ್ಟ್ಜ್. ಇದೊಂದು ಅಂಕಿ ಗೊತ್ತಾದರೆ ಉಳಿದದ್ದು ಲೆಕ್ಕ. ಆ ಹಾಡಿನಲ್ಲಿ ಅವಳು ಇಳಿಯುವ ಅತಿ ತಗ್ಗಿನ ಸ್ವರ ಮಂದ್ರದ ಪ, 156 ಹರ್ಟ್ಜ್. ಅದರ ಕೆಳಗೆ ಅವಳ ಗಂಟಲೇ ಇಲ್ಲ. ಅಲ್ಲಿರುವುದು ಲೋಕಲ್ ರೈಲಿನ ಗುಡುಗುಡು, ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ ಸದ್ದು, ಕರೆಂಟಿನ 50 ಹರ್ಟ್ಜ್ ಗುಂಯ್.

ಹಾಗಾಗಿ ಮೊದಲು ಹೈಪಾಸ್ ಫಿಲ್ಟರ್. ಹೆಸರೇ ಹೇಳುವ ಹಾಗೆ ಮೇಲಿನದನ್ನು ಬಿಡುತ್ತದೆ, ಕೆಳಗಿನದನ್ನು ತಡೆಯುತ್ತದೆ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರು ಅದರ ಇಕ್ಯೂ ಆದ ReaEQ ತೆರೆದು ಒಂದು ಬ್ಯಾಂಡಿನ Type ಅನ್ನು High Pass ಮಾಡಿದರೆ ಸಾಕು. ಸ್ಲೋಪ್, ಅಂದರೆ ಕೆಳಗಿನದು ಎಷ್ಟು ಕಡಿದಾಗಿ ಇಳಿಯಬೇಕು ಅನ್ನುವುದನ್ನು ಆರಿಸಲು ಬರುವ ಇಕ್ಯೂ ಆದರೆ ಆಕ್ಟೇವಿಗೆ 12 ಡೆಸಿಬೆಲ್ ಇಡಿ. ಈಗ ಹಾರ್ಮೋನಿಯಂ, ತಬಲಾ ಎಲ್ಲ ಕೂಡಿ ಕೇಳುತ್ತಿರುವಾಗಲೇ 60ರಿಂದ ನಿಧಾನವಾಗಿ ಮೇಲಕ್ಕೆ ತನ್ನಿ. ಮಂದ್ರದ ಸಾಲಿನಲ್ಲಿ ಗಂಟಲು ತೆಳ್ಳಗಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಸ್ವಲ್ಪ ಹಿಂದೆ ಬನ್ನಿ. ಇವಳಿಗೆ 100ರಲ್ಲಿ ಸರಿಹೋಯಿತು. ಅಲ್ಲಿ ಇಟ್ಟರೆ ಮಂದ್ರ ಪ ಒಂದು ಡೆಸಿಬೆಲ್ಲೂ ಕಳೆದುಕೊಳ್ಳುವುದಿಲ್ಲ. 150ಕ್ಕೆ ಏರಿಸಿದರೆ ಅದೇ ಪ ಎರಡೂವರೆಗಿಂತ ಜಾಸ್ತಿ ಕಳೆದುಕೊಳ್ಳುತ್ತದೆ, ಕಿವಿಗೆ ಗೊತ್ತಾಗುತ್ತದೆ. ಗಂಡಸರು ಕರಿ ಒಂದರಲ್ಲಿ ಹಾಡಿದರೆ ಅವರ ಮಂದ್ರ ಪ 104 ಹರ್ಟ್ಜ್, ಅವರಿಗೆ 70ರ ಆಸುಪಾಸು. ‘ಹೆಂಗಸರಿಗೆ ಇಷ್ಟು, ಗಂಡಸರಿಗೆ ಇಷ್ಟು’ ಅಂತ ಚೀಟಿ ಬರೆದಿಡುವುದು ನನಗೆ ಹಿಡಿಸುವುದಿಲ್ಲ. ಯಾವ ಹಾಡು, ಯಾವ ಶ್ರುತಿ ನೋಡಬೇಕು, ಅಲ್ವಾ? ಆಮೇಲೆ ಜೋರಾದ ಸದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಹಾಕುವುದಿದ್ದರೆ ಈ ಫಿಲ್ಟರ್ ಅದಕ್ಕಿಂತ ಮುಂಚೆ ಇರಲಿ. ಇಲ್ಲದಿದ್ದರೆ ರೈಲಿನ ಗುಡುಗುಡಿಗೆ ಕಂಪ್ರೆಸರ್ ಸುಮ್ನೆ ಗಂಟಲನ್ನು ಅದುಮುತ್ತದೆ.

ಇಷ್ಟಕ್ಕೆ ಮಂಕು ಹೋಗುವುದಿಲ್ಲ. ಅದು ಕೂತಿರುವುದು ಇನ್ನೂ ಮೇಲೆ, 200ರಿಂದ 500ರ ನಡುವೆ. ಅದನ್ನು ಹುಡುಕಲು ಎಲ್ಲರೂ ಹೇಳುವ ಉಪಾಯ ಹೀಗೆ: ಒಂದು ಬ್ಯಾಂಡನ್ನು ಕಿರಿದಾಗಿ ಏರಿಸಿ, ಆಚೀಚೆ ಜರುಗಿಸಿ, ಎಲ್ಲಿ ಅಸಹ್ಯವೋ ಅಲ್ಲಿ ಕತ್ತರಿಸಿ. ನಮ್ಮ ಸಂಗೀತಕ್ಕೆ ಇದನ್ನು ಹಾಗೇ ಹಚ್ಚಿದರೆ ಅಪಾಯ. ನಾವು ಹಾಡಿಡೀ ಒಂದೇ ಸ ಹಿಡಿದು ಕೂರುತ್ತೇವೆ. ಬ್ಯಾಂಡು 208ಕ್ಕೆ ಬಂದಾಗ ಅತಿ ಹೆಚ್ಚು ಬರುವ ಸ್ವರವೇ ಉಬ್ಬುತ್ತದೆ, ‘ಸಿಕ್ಕಿತು ಕಳ್ಳ’ ಅನ್ನಿಸುತ್ತದೆ. ಅಲ್ಲಿ ಕಿರಿದಾಗಿ ಕತ್ತರಿಸಿದರೆ ಮಂಕಿನ ಜೊತೆ ಸ ಕೂಡ ಹೋಯಿತು. ಆಮೇಲೆ ಪ, ದ ಎಲ್ಲ ತುಂಬಿಕೊಂಡು ಕೇಳಿಸುತ್ತವೆ, ತಿರುಗಿ ಸಕ್ಕೆ ಬಂದಾಗ ನೆಲ ಕುಸಿದ ಹಾಗೆ. ಅದಕ್ಕೇ ಮೊದಲು ಶ್ರುತಿಯ ಅಂಕಿ ಬರೆದುಕೊಳ್ಳಿ ಅನ್ನುವುದು.

ಕೇಳಬೇಕಾದದ್ದು ಒಂದೇ. ಗುಂಯ್ ಅನ್ನುವುದು ಎಲ್ಲ ಸ್ವರಕ್ಕೂ ಇದೆಯೋ, ಒಂದೇ ಸ್ವರಕ್ಕೋ? ಸೊಸೆಯ ರೆಕಾರ್ಡಿಂಗಿನಲ್ಲಿ ಎರಡೂ ಇದ್ದವು. ಮಂದ್ರದ ದ ಬಂದಾಗಲೆಲ್ಲ ರೂಮು ಗುಂಯ್ ಅನ್ನುತ್ತಿತ್ತು. ಕಾರಣ ಅವಳ ಗಂಟಲಲ್ಲ, ಗೋಡೆ. ಗೋಡೆಯಿಂದ ಗೋಡೆಗೆ ಮೂರು ಮೀಟರ್ ಇದ್ದರೆ ಆ ರೂಮು ಸುಮಾರು 57, 114, 171 ಹರ್ಟ್ಜ್‌ಗಳಲ್ಲಿ ತಾನೂ ಮೊಳಗುತ್ತದೆ. ಅವಳ ಮಂದ್ರ ದ 173. ಇಂಥದ್ದಕ್ಕೆ ಕಿರಿದಾದ ಕತ್ತರಿ ಸರಿ: 172ರಲ್ಲಿ, 4 ಡೆಸಿಬೆಲ್. ಆ ಸ್ವರ ಹಾಡಿನಲ್ಲಿ ನಾಲ್ಕೈದು ಕಡೆ ಮಾತ್ರ ಬಂದರೆ ಇಕ್ಯೂ ಬಿಟ್ಟು ಆ ತುಂಡುಗಳ ವಾಲ್ಯೂಮನ್ನೇ ಇಳಿಸುವುದು ಇನ್ನೂ ಒಳ್ಳೆಯದು.

ಎಲ್ಲ ಸ್ವರಕ್ಕೂ ಅಂಟಿಕೊಂಡ ಮಂಕಿಗೆ ಅಗಲವಾದ, ಆಳವಿಲ್ಲದ ಇಳಿತ ಬೇಕು. ನಾವು ಇಟ್ಟದ್ದು 320ರಲ್ಲಿ, ಒಂದು ಆಕ್ಟೇವ್ ಅಗಲ, 3 ಡೆಸಿಬೆಲ್. ಸ ಆ ಇಳಿತದ ಅಂಚಿಗೆ ಬರುತ್ತದೆ, ಹೆಚ್ಚೇನೂ ಸೊರಗುವುದಿಲ್ಲ. ಕತ್ತರಿಸಿದ ಮೇಲೆ ಟ್ರ್ಯಾಕಿನ ಸದ್ದು ಒಟ್ಟಾರೆ ಇಳಿದಿರುತ್ತದೆ. ಅದನ್ನು ಮೊದಲಿನ ಮಟ್ಟಕ್ಕೆ ಏರಿಸಿ, ಆಮೇಲೆ ಇಕ್ಯೂ ಹಾಕಿ ತೆಗೆದು ಹೋಲಿಸಿ. ಇಲ್ಲವಾದರೆ ಕಿವಿ ಜೋರಾಗಿರುವುದನ್ನೇ ಚೆಂದ ಅನ್ನುತ್ತದೆ. ಇದನ್ನು ಫೋನಿನ ಸ್ಪೀಕರಿನಲ್ಲಿ ಮಾಡಬೇಡಿ, ಅದರಿಂದ ತಗ್ಗಿನ ಸದ್ದು ಹೊರಗೇ ಬರುವುದಿಲ್ಲ. ಹೆಡ್‌ಫೋನ್ ಹಾಕಿ. ಗಂಟಲು ಲ್ಯಾಂಡ್‌ಲೈನ್ ಫೋನಿನಿಂದ ಬಂದ ಹಾಗೆ ಮೂಗುಮೂಗಾಗಿ ಕೇಳಿಸಿದರೆ ಕೈ ಜಾಸ್ತಿಯಾಗಿದೆ. ಆ ಫೋನುಗಳು 300ರ ಕೆಳಗಿನದನ್ನು ಬಿಡುತ್ತಲೇ ಇರಲಿಲ್ಲ.

“ಮಾವ, ಇನ್ನೂ ಎರಡು ಕಮ್ಮಿ ಮಾಡಲಾ?” ಅಂದಳು. ಬೇಡ, ಹಾರ್ಮೋನಿಯಂ ಕಡೆ ಹೋಗು ಅಂದೆ. ಅದೂ ಅದೇ ಸ ಹಿಡಿದುಕೊಂಡಿರುತ್ತದೆ. ಗಂಟಲಿಗೆ ಜಾಗ ಮಾಡಬೇಕಾದ್ದು ಅದು. ಅದರ ಟ್ರ್ಯಾಕಿನಲ್ಲಿ 250ರಿಂದ 400ರವರೆಗೆ 4 ಡೆಸಿಬೆಲ್ ಇಳಿಸಿದೆವು, ಗಂಟಲು ತಾನಾಗಿ ಮುಂದೆ ಬಂತು. ಇನ್ನೊಮ್ಮೆ ರೆಕಾರ್ಡ್ ಮಾಡುವುದಿದ್ದರೆ ತಗ್ಗಿನ ಸ್ವರ ಕೊಡುವ ಖರಜ್ ರೀಡಿನ ಸ್ಟಾಪ್ ಮುಚ್ಚಿಯೇ ನುಡಿಸಿ, ಇಷ್ಟು ಕೆಲಸವೇ ಇರುವುದಿಲ್ಲ. ಎರಡನ್ನೂ ಒಂದೇ ಮೈಕಿನಲ್ಲಿ ಹಿಡಿದಿದ್ದರೆ ಮಾತ್ರ ಈ ದಾರಿ ಇಲ್ಲ, ಒಂದರದು ಇಳಿಸಿದರೆ ಇನ್ನೊಂದರದೂ ಇಳಿಯುತ್ತದೆ.

ಕಡೆಯದು ರಿವರ್ಬ್. ದೇವಸ್ಥಾನದ ಗುಂಗು ಬರಲಿ ಅಂತ ಧಾರಾಳವಾಗಿ ಸುರಿಯುತ್ತಾರೆ, ತೆಗೆದ ಮಂಕೆಲ್ಲ ಹಿಂಬಾಗಿಲಿನಿಂದ ವಾಪಸ್ ಬರುತ್ತದೆ. ರಿವರ್ಬನ್ನು ಬೇರೆ ಟ್ರ್ಯಾಕಿಗೆ ಕಳಿಸಿ, ಅಲ್ಲಿ ಇನ್ನೊಂದು ಹೈಪಾಸ್ ಹಾಕಿ. ಇಲ್ಲಿ 250, 300ಕ್ಕೆ ಏರಿಸಿದರೂ ಅಡ್ಡಿಯಿಲ್ಲ, ಯಾಕೆಂದರೆ ತೆಳ್ಳಗಾಗುವುದು ಗುಂಗು, ಗಂಟಲಲ್ಲ.