ಶಾರ್ಟ್‌ಕಟ್ ಆದ ಪೆನ್‌ಡ್ರೈವ್: ಫಾರ್ಮ್ಯಾಟ್ ಮಾಡದೆ ಉಳಿಸಿದ್ದು

ಕಾಲೇಜು ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಈ ಕಾಟ ಹೊಸದಲ್ಲ. ಮೊನ್ನೆ ಒಬ್ಬ ಹುಡುಗಿ ಪ್ರಾಜೆಕ್ಟ್ ಪ್ರಿಂಟಿಗೆ ತಂದ 16 ಜಿಬಿ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಒಂದೆರಡು ಕೆಬಿ ಶಾರ್ಟ್‌ಕಟ್ ಆಗಿದ್ದವು. ರಿಪೇರಿ ಅಂಗಡಿಯವರು ರಿಕವರಿಗೆ ಎರಡೂವರೆ ಸಾವಿರ ಕೇಳಿದ್ದರಂತೆ. ಪಕ್ಕದ ಮೊಬೈಲ್ ಅಂಗಡಿಯವರು, "ಎಲ್ಲಾ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀರಿ" ಅಂದರು. ಪ್ರಾಪರ್ಟೀಸ್ ತೆಗೆದು ತೋರಿಸಿದೆ: ಹತ್ತಿರ ಹತ್ತಿರ 11 ಜಿಬಿ ತುಂಬಿದೆ. ಹೋಗಿದ್ದರೆ ಅಷ್ಟು ಜಾಗ ಹಿಡಿದಿರುವುದು ಏನು?

ಎರಡು ವರ್ಷದ ಹಿಂದೆ ನಾನೂ ಹಾಗೇ ಫಾರ್ಮ್ಯಾಟ್ ಹೊಡೆದು, ಒಬ್ಬರ ಮನೆಯ ಫೋಟೊ ಕಳೆದು, ಹೊಸ ಪೆನ್‌ಡ್ರೈವ್ ಕೊಡಿಸಿ ಬೈಸಿಕೊಂಡಿದ್ದೆ. ಆಮೇಲೆ ಫೈಲಿನ ಮರೆಮಾಚುವ ಗುರುತು ತೆಗೆಯುವ attrib ಕಮಾಂಡ್ ಹಿಡಿದೆ. ಮೊದಲು ಬರೀ `-h` ಕೊಟ್ಟೆ, `Not resetting system file` ಅಂತ ಬಂತು. ವೈರಸ್ ಸಿಸ್ಟಮ್ ಗುರುತನ್ನೂ ಹಾಕಿರುತ್ತೆ, ಎರಡನ್ನೂ ಒಟ್ಟಿಗೇ ತೆಗೆಯಬೇಕು. ತೆಗೆದರೂ ಹತ್ತು ಸೆಕೆಂಡಿಗೆ ಎಲ್ಲ ಮತ್ತೆ ಮಾಯ! ನನ್ನ ಸಿಸ್ಟಮ್ಮಿಗೇ ಅಂಟಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ವೈರಸ್ಸಿನ ಸ್ಕ್ರಿಪ್ಟ್ ಓಡಿಸುವ `wscript.exe` ಕೂತಿತ್ತು. ಒಂದು ಸಂಜೆ ಪೂರ್ತಿ ಹಾಳು, ಪ್ರಿಂಟಿಗೆ ಬಂದವರೆಲ್ಲ ವಾಪಸ್. ಅದಕ್ಕೇ ಈಗ ಮೊದಲು ಅದನ್ನು ಸಾಯಿಸುತ್ತೇನೆ, ಆಮೇಲೆ ಡ್ರೈವ್ ಅಕ್ಷರ:

```
taskkill /f /im wscript.exe
E:
attrib -s -h -r /s /d *.*
```

`/d` ಬಿಟ್ಟರೆ ಫೈಲ್ ಬರುತ್ತೆ, ಫೋಲ್ಡರ್ ಬರಲ್ಲ. ಎರಡನೇ ಸಾಲು ಮರೆತು ಒಮ್ಮೆ ನನ್ನ ಯೂಸರ್ ಫೋಲ್ಡರಿನಲ್ಲೇ ಓಡಿಸಿಬಿಟ್ಟೆ, ಡೆಸ್ಕ್‌ಟಾಪ್ ಮೇಲೆ `desktop.ini` ಬಂದು ಕೂತಿತು. ಪ್ರಾಂಪ್ಟ್‌ನಲ್ಲಿ `E:\>` ಕಂಡ ಮೇಲೇ ಎಂಟರ್ ಒತ್ತಿ.

ಹುಡುಗಿಯ ಡ್ರೈವ್‌ಗೆ ನಾಲ್ಕೈದು ನಿಮಿಷ ಹಿಡಿಯಿತು. ಕಂಡದ್ದು ಹೆಸರೇ ಇಲ್ಲದ ಒಂದು ಫೋಲ್ಡರ್. ಖಾಲಿ ಅಲ್ಲ, ಕಣ್ಣಿಗೆ ಕಾಣದ ಅಕ್ಷರ ಅದರ ಹೆಸರು. F2 ಒತ್ತಿ ಬೇರೆ ಹೆಸರು ಕೊಟ್ಟೆ, ಪ್ರಾಜೆಕ್ಟ್ ಒಳಗೇ ಇತ್ತು. ಅದನ್ನು ಕಾಪಿ ಮಾಡಿಕೊಂಡ ಮೇಲೆಯೇ `del *.lnk`. ಉಳಿದ `.vbs` ಫೈಲನ್ನು ಡಬಲ್ ಕ್ಲಿಕ್ ಮಾಡದೆ ಅಳಿಸಿದೆ. ಶಾರ್ಟ್‌ಕಟ್ ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತೆ ನಿಜ, ಆದರೆ ಜೊತೆಗೆ ಸ್ಕ್ರಿಪ್ಟೂ ಓಡುತ್ತೆ. ಜನಕ್ಕೆ ಗೊತ್ತಾಗದೇ ಇರೋದು ಇದರಿಂದಲೇ.

ಸುಮ್ಮನೆ ಕುತೂಹಲಕ್ಕೆ ಇಂಥದೇ ಇನ್ನೊಂದು ಡ್ರೈವನ್ನು ಉಬುಂಟು ಹಾಕಿದ ಹಳೇ ಲ್ಯಾಪ್‌ಟಾಪಿಗೆ ಚುಚ್ಚಿದೆ. ಯಾವ ಕಮಾಂಡೂ ಇಲ್ಲದೆ ಫೋಲ್ಡರ್‌ಗಳೆಲ್ಲ ಕಂಡವು, ಅದು ವಿಂಡೋಸಿನ ಮರೆಮಾಚುವ ಗುರುತಿಗೆ ಕಿಮ್ಮತ್ತು ಕೊಡಲ್ಲ.

ಆ ಸ್ಕ್ರಿಪ್ಟು ನನ್ನ ಸಿಸ್ಟಮ್ಮಿನಲ್ಲಿ ಸ್ಟಾರ್ಟಪ್ ಫೋಲ್ಡರಿನಲ್ಲೂ ರಿಜಿಸ್ಟ್ರಿಯ Run ಕೀಯಲ್ಲೂ ಅಡಗಿತ್ತು. ಎರಡೂ ಕಡೆ ತೆಗೆದೆ. ಅದು ಮತ್ತೆ ಓಡದ ಹಾಗೆ ಒಂದು ಬೀಗವನ್ನೂ ಹಾಕಿದ್ದೇನೆ, ಅದು ಅಂಗಡಿಯ ಗುಟ್ಟು. ಹುಡುಗಿಯ ಹತ್ತಿರ 100 ರೂಪಾಯಿ ತಗೊಂಡೆ, ಪ್ರಿಂಟಿನ ದುಡ್ಡು ಬೇರೆ. ಮೊಬೈಲ್ ಅಂಗಡಿಯವರು ಈಗ ಇಂಥ ಪೆನ್‌ಡ್ರೈವ್ ಬಂದರೆ ನನ್ನ ಕಡೆ ಕಳಿಸುತ್ತಾರೆ, 20 ರೂಪಾಯಿ ಕಮಿಷನ್ ಕೇಳಿಕೊಂಡು.