ಬಾಕಿ ಕೇಳುವ ಮೇಲ್‌ನಿಂದ ‘ನೀಡ್‌ಫುಲ್’ ತೆಗೆದ ಮೇಲೆ

ಪೀಣ್ಯದ ಸಣ್ಣ ಮಷೀನ್‌ಶಾಪ್ ಒಂದರಲ್ಲಿ ಬಿಲ್ಲು ಕಳುಹಿಸುವುದೂ ಬಾಕಿ ವಸೂಲು ಮಾಡುವುದೂ ನನ್ನ ಕೆಲಸ. ಮೂರು ಇಂಗ್ಲಿಷ್ ನುಡಿಗಟ್ಟುಗಳನ್ನು ಬಿಟ್ಟರೆ ಹಣ ಬೇಗ ಬರುತ್ತದೆ ಎಂದಾಗ ನಮ್ಮ ಮಾಲೀಕರೂ ಆಡಿಟರೂ ನಕ್ಕಿದ್ದರು. 60–70 ದಿನ ಎಳೆಯುತ್ತಿದ್ದ ಬಿಲ್ಲುಗಳು ಈಗ ಹೆಚ್ಚುಕಡಿಮೆ 40 ದಿನಗಳಲ್ಲಿ ಇತ್ಯರ್ಥವಾಗುತ್ತಿವೆ. ಆಡಿಟರು ಈಗ ನನ್ನ ಮೇಲ್‌ಗಳ ನಕಲು ಕೇಳುತ್ತಾರೆ.

ಬ್ರಿಟನ್ನಿನ ಗಿರಾಕಿಯೊಬ್ಬರಲ್ಲಿ ಸುಮಾರು 4 ಲಕ್ಷ ಸಿಕ್ಕಿಕೊಂಡಿತ್ತು. ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂದು ಅವರ ಪರ್ಚೇಸ್, ಸ್ಟೋರ್ಸ್ ಮತ್ತು ಅಕೌಂಟ್ಸ್ ವಿಭಾಗಗಳಿಗೆ ಒಟ್ಟಿಗೇ ಬರೆಯುತ್ತಿದ್ದೆವು. ಏನು ಮಾಡಬೇಕು, ಯಾರು ಮಾಡಬೇಕು ಎಂಬುದು ಅದರಲ್ಲಿ ಇಲ್ಲವಾದ್ದರಿಂದ ಓದಿದ ಪ್ರತಿಯೊಬ್ಬರೂ ಉಳಿದಿಬ್ಬರಿಗೆ ಬರೆದದ್ದೆಂದು ಸುಮ್ಮನಾದರು. ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೇ ಚಾಲ್ತಿಯಲ್ಲಿದ್ದ ಈ ಮಾತು ಅಲ್ಲೀಗ ಹಳತಾಗಿದೆ. ಕೆಂಪಕ್ಷರ ಹಾಕಿದೆವು, ವಿನಯ ಹೆಚ್ಚಿಸಿದೆವು, ಫೋನಿಗೂ ಖರ್ಚು ಮಾಡಿದೆವು, ಪೈಸೆಯೂ ಬರಲಿಲ್ಲ. ಕೊನೆಗೆ ವಿಚಾರಿಸಿದಾಗ, ಮಾಲು ಬಂದಿದೆ ಎಂಬ ದಾಖಲೆಯಾದ ಜಿಆರ್‌ಎನ್ ನಮೂದಾಗದೆ, ಅವರ ಖರೀದಿ ಆದೇಶವಾದ ಪಿಒಗೂ ನಮ್ಮ ಬಿಲ್ಲಿಗೂ ತಾಳೆಯಾಗಿಲ್ಲವೆಂದು ತಿಳಿಯಿತು. ಸ್ಟೋರ್ಸ್‌ನ ಒಬ್ಬರಿಗೇ, ಪಿಒ ಸಂಖ್ಯೆ ಕೊಟ್ಟು, ‘ಇದರ ಜಿಆರ್‌ಎನ್ ಅನ್ನು ಗುರುವಾರದೊಳಗೆ ನಮೂದಿಸುವಿರಾ?’ ಎಂದಷ್ಟೇ ಕೇಳಿದೆ. ನಮೂದು ಮರುದಿನವೇ ಆಯಿತು, ಹಣ ಅವರ ಮುಂದಿನ ಪೇಮೆಂಟ್ ಸರದಿಯಲ್ಲಿ ಬಂತು.

‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಯಾರನ್ನೂ ನೋಯಿಸುವುದಿಲ್ಲ, ಆದರೆ ಜಾಗ ತಿನ್ನುತ್ತದೆ. ಮೊಬೈಲಿನಲ್ಲಿ ಮೇಲ್ ತೆರೆಯುವ ಮುನ್ನ ಕಳುಹಿಸಿದವರ ಹೆಸರು ಬಿಟ್ಟರೆ ಕಾಣುವುದು ವಿಷಯದ ಸಾಲು ಮತ್ತು ಒಳಗಿನ ಮೊದಲ ಕೆಲವು ಪದಗಳು ಮಾತ್ರ. ಆ ಜಾಗದಲ್ಲಿ ಬಿಲ್ ಸಂಖ್ಯೆ, ಮೊತ್ತ ಮತ್ತು ಗಡುವನ್ನು ಇಡುತ್ತೇನೆ. ಫೈಲಿಗೂ ಸ್ಕ್ಯಾನರ್ ಕೊಟ್ಟ ಹೆಸರನ್ನು ಬಿಟ್ಟು ಬಿಲ್ ಸಂಖ್ಯೆಯನ್ನೇ ಇಡುತ್ತೇನೆ.

ನಿಜವಾಗಿ ಕೆಡಿಸುವುದು ‘ಆ್ಯಸ್ ಪರ್ ಮೈ ಲಾಸ್ಟ್ ಈಮೇಲ್’. ನಾವು ಉಲ್ಲೇಖವೆಂದು ಬರೆದದ್ದನ್ನು ಅವರು ‘ಮೊದಲೇ ಹೇಳಿದ್ದೆ, ನೀವು ಓದಿಲ್ಲ’ ಎಂಬ ಚುಚ್ಚುಮಾತಾಗಿ ಓದುತ್ತಾರೆ. ಸಿಸಿಯಲ್ಲಿ ಮೇಲಧಿಕಾರಿ ಇದ್ದರಂತೂ ಅದು ದೂರಿನಂತೆಯೇ ತೋರುತ್ತದೆ, ಉತ್ತರ ಬಂದರೂ ಸಮರ್ಥನೆಯೇ ಬರುತ್ತದೆ. ನಾನು ಹಳೆಯ ಮೇಲ್‌ನ ಪ್ರಸ್ತಾಪವಿಲ್ಲದೆ ವಿವರವನ್ನು ಪೂರ್ತಿ ಮತ್ತೆ ಬರೆದು, ಮೊದಲ ಸಲ ಕೇಳುವವನಂತೆ ಕೇಳುತ್ತೇನೆ.

ಇದೇ ಪ್ರಯೋಗವನ್ನು ಸರ್ಕಾರಿ ಕಚೇರಿಯೊಂದರಲ್ಲಿ ಮಾಡಿದಾಗ ಕೆಲಸ ಮಾಡಲಿಲ್ಲ. ಅಲ್ಲಿನ ಗುಮಾಸ್ತರಿಗೆ ‘ನೀಡ್‌ಫುಲ್’ ಇಲ್ಲದ ಪತ್ರ ಒರಟಾಗಿ ಕಂಡಿತು. ಆದ್ದರಿಂದ ಅಲ್ಲಿಗೆ ಬರೆಯುವಾಗ ಅದನ್ನು ಕೊನೆಯ ಸಾಲಿನಲ್ಲಿ ಉಳಿಸಿ, ಬೇಕಾದ ಕೆಲಸವನ್ನು ಅದರ ಮೇಲಿನ ಸಾಲಿನಲ್ಲಿ ಹೇಳುತ್ತೇನೆ.

ಗಿರಾಕಿಯ ಕೈಯಲ್ಲಿ ಹಣವೇ ಇಲ್ಲದಿದ್ದರೆ ಇದಾವುದೂ ನಡೆಯುವುದಿಲ್ಲ. ದೇಶದೊಳಗಿನ ಅಂಥವರಿಗೆ ಸಣ್ಣ ಉದ್ದಿಮೆಯಾಗಿ ನೋಂದಾಯಿಸಿದ ನಮ್ಮ ಉದ್ಯಮ್ ಸಂಖ್ಯೆಯನ್ನೂ, 2006ರ ಎಂಎಸ್‌ಎಂಇ ಕಾಯ್ದೆಯಂತೆ ಹಣ ಕೊಡಲು ಒಪ್ಪಂದದಲ್ಲಿ ಹಾಕಿಕೊಂಡ ಅವಧಿಯೂ 45 ದಿನ ಮೀರುವಂತಿಲ್ಲ ಎಂಬ ಒಂದು ವಾಕ್ಯವನ್ನೂ ಸೇರಿಸುತ್ತೇನೆ.