ಡಬ್ಬಿ ಬ್ಯಾಡ್ರೀ ಅಂದವರಿಗೆ ನಾನು ಏನು ಬರೆಯುತ್ತೇನೆ

ಪುಣೆಯ ಹಡಪ್ಸರದಲ್ಲಿ ನಮ್ಮದೊಂದು ಸಣ್ಣ ವ್ಯವಹಾರ ಇದೆ. ತಿಂಗಳಿಗೊಂದು ರೊಟ್ಟಿ ಡಬ್ಬಿ. 40 ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಪೊಟ್ಟಣ ಅಗಸಿ ಹಿಂಡಿ. ಎಲ್ಲ ವಿಜಯಪುರದಲ್ಲಿ ನಮ್ಮ ಅತ್ತೆ ಮತ್ತು ಅವರ ಓಣಿಯ ಹೆಂಗಸರು ಮಾಡಿ ರಾತ್ರಿ ಬಸ್ಸಿಗೆ ಹಾಕುತ್ತಾರೆ, ಸೋಲಾಪುರ ರಸ್ತೆಯಲ್ಲೇ ಬರುವ ಬಸ್ಸು, ಬೆಳಗ್ಗೆ ನಾವು ಇಲ್ಲೇ ಇಳಿಸಿಕೊಳ್ಳುತ್ತೇವೆ. ಡಬ್ಬಿಗೆ 900 ರೂಪಾಯಿ. ಪ್ರತಿ ತಿಂಗಳು 5ನೇ ತಾರೀಖು ಯುಪಿಐ ಆಟೋಪೇಯಿಂದ ತಾನಾಗಿಯೇ ಕಟ್ ಆಗುತ್ತೆ. ಸ್ಟೀಲ್ ಡಬ್ಬಿಗೆ 300 ಡೆಪಾಸಿಟ್ ಬೇರೆ.

ಶುರು ಮಾಡಿದಾಗ ಗಿರಾಕಿ ಸೇರಿಸೋದು ಹೇಗೆ ಅಂತಲೇ ಯೋಚನೆ. ಬಿಡೋರು ಹೇಗೆ ಬಿಡ್ತಾರೆ ಅಂತ ಯೋಚಿಸಿರಲೇ ಇಲ್ಲ.

ಮೊದಲ ಪೆಟ್ಟು ಮಗರಪಟ್ಟಾದ ಒಬ್ಬ ಮೇಡಂ ಕಡೆಯಿಂದ ಬಿತ್ತು. ತಪ್ಪು ಪೂರ್ತಿ ನನ್ನದೇ. 'ಮುಂದಿನ ತಿಂಗಳಿಂದ ಬೇಡ' ಅಂತ ಮೆಸೇಜ್ ಹಾಕಿದರು. ನಾನು 'ಆಯ್ತು ಮೇಡಂ, ನಿಲ್ಲಿಸಿದ್ದೇನೆ' ಅಂತ ಬರೆದು ಎಕ್ಸೆಲ್ ಪಟ್ಟಿಯಿಂದ ಅವರ ಹೆಸರು ತೆಗೆದೆ. ಅಷ್ಟೇ. ಅಂದರೆ ಡಬ್ಬಿ ಹೋಗೋದು ನಿಂತಿತು, ದುಡ್ಡು ಕಟ್ ಆಗೋದು ನಿಲ್ಲಲಿಲ್ಲ. 5ನೇ ತಾರೀಖು 900 ಹೋಯ್ತು, ಅವರಿಂದ ಒಂದೇ ಸಾಲು ಬಂತು: 'ನಿಲ್ಲಿಸಿದೆ ಅಂತ ಹೇಳಿ ದುಡ್ಡು ಕಿತ್ಕೊಂಡ್ರಲ್ಲ?'

ಎಷ್ಟು ಕ್ಷಮೆ ಕೇಳಿದರೂ ಅದಕ್ಕೆ ಉತ್ತರ ಇಲ್ಲ. ರೀಫಂಡ್, ನಮಗೆ ದುಡ್ಡು ಕಟ್ ಮಾಡಿಕೊಡುವ ಪೇಮೆಂಟ್ ಗೇಟ್‌ವೇ ಕಂಪನಿಯಿಂದ ಹೋಗೋಕೆ ಕೆಲವು ದಿನ ಹಿಡೀತು. ತಡ ಆಗ್ತಿದೆ ಅಂತ ಗಾಬರಿಯಲ್ಲಿ ನನ್ನ ಫೋನಿಂದ ನೇರವಾಗಿ 900 ಹಾಕಿಬಿಡೋಣ ಅಂತ ಕೈ ಹೋಗಿತ್ತು, ಗಂಡ ತಡೆದರು. ಅದೇ ಸರಿ, ಇಲ್ಲಾಂದ್ರೆ ಎರಡೆರಡು ಸಲ ಹೋಗಿ ಒಂದನ್ನು ವಾಪಸ್ ಕೇಳುವ ಇನ್ನೊಂದು ನಾಚಿಕೆ.

ಆಗ ತಿಳಿದದ್ದು ಇಷ್ಟು. ಆಟೋಪೇ ಅಂದರೆ ಗಿರಾಕಿ ಒಂದು ಸಲ ಒಪ್ಪಿಗೆ ಕೊಟ್ಟಿರುತ್ತಾರೆ, ಅದಕ್ಕೆ ಮ್ಯಾಂಡೇಟ್ ಅಂತಾರೆ. ಅದು ಜೀವಂತ ಇರುವವರೆಗೂ ದುಡ್ಡು ಕಟ್ ಆಗುತ್ತೆ, ನನ್ನ ಪಟ್ಟಿಯಲ್ಲಿ ಹೆಸರು ಇರಲಿ ಬಿಡಲಿ. ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಎರಡು ಗುಂಡಿ ಇರುತ್ತವೆ, Pause ಮತ್ತು Cancel. ಬಿಡ್ತೀನಿ ಅಂದವರಿಗೆ ನಾನು ಮೊದಮೊದಲು Pause ಒತ್ತುತ್ತಿದ್ದೆ, ನಾಳೆ ಮನಸ್ಸು ಬದಲಾದರೆ ಸುಲಭ ಆಗಲಿ ಅಂತ. ಅದು ನಿಲ್ಲಿಸಿದ ಹಾಗಲ್ಲ. ಮ್ಯಾಂಡೇಟ್ ಹಾಗೇ ಇರುತ್ತೆ, ಗಿರಾಕಿ ತಮ್ಮ ಆಪ್ ತೆರೆದು ನೋಡಿದರೆ ನಮ್ಮ ಹೆಸರು ಅಲ್ಲೇ ಕೂತಿರುತ್ತೆ. ಇನ್ನೊಂದು ವಿಷಯ: ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೀಗೆ ತಾನಾಗಿ ಕಟ್ ಆಗುವ ದುಡ್ಡಿಗೆ ಕನಿಷ್ಠ 24 ಗಂಟೆ ಮೊದಲು ಗಿರಾಕಿಗೆ ಸೂಚನೆ ಹೋಗಬೇಕು. ಅದಕ್ಕೇ ನನಗೆ ನಿಲ್ಲಿಸುವ ಮೆಸೇಜುಗಳು ಹೆಚ್ಚಾಗಿ 3, 4ನೇ ತಾರೀಖು ಬರುತ್ತವೆ. 'ಇಂಥ ದಿನ 900 ಕಟ್ ಆಗುತ್ತೆ' ಅಂತ ಫೋನಿಗೆ ಬಂದಾಗಲೇ ಜನಕ್ಕೆ ಡಬ್ಬಿ ನೆನಪಾಗೋದು. ಅಂದರೆ ಉತ್ತರ ಕೊಡೋಕೆ ನನಗೆ ಸಿಗೋದು ಕೆಲವೇ ಗಂಟೆ.

ಆದ್ದರಿಂದ ಈಗ ಒಂದೇ ಕ್ರಮ. ಮೊದಲು Cancel ಒತ್ತುತ್ತೇನೆ. ಪುಟ ಇನ್ನೊಂದು ಸಲ ತೆರೆದು Cancelled ಅಂತ ಬಂದಿದೆಯಾ ನೋಡುತ್ತೇನೆ. ಆಮೇಲೆ ಉತ್ತರ. ಉತ್ತರ ಬರೆದು ಆಮೇಲೆ ಮಾಡ್ತೀನಿ ಅಂದುಕೊಂಡರೆ ನಡುವೆ ಕುಕ್ಕರ್ ಕೂಗುತ್ತೆ, ಮಗ ಶಾಲೆಯಿಂದ ಬರ್ತಾನೆ, ಮರೆತೇ ಹೋಗುತ್ತೆ.

ಒಂದು ಮೆಸೇಜ್ ಹಿಡಿದು ಹೇಳ್ತೀನಿ. ಖರಾಡಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬರು, ವರ್ಷದ ಮೇಲೆ ನಮ್ಮ ಗಿರಾಕಿ. 3ನೇ ತಾರೀಖು ಸಂಜೆ ಬರೆದರು: 'ಅಕ್ಕಾರ, ಈ ತಿಂಗಳಿಂದ ಡಬ್ಬಿ ಬ್ಯಾಡ್ರೀ. ಮಗ ಹಾಸ್ಟೆಲ್‌ಗೆ ಹೋಗ್ಯಾನ, ನಾವಿಬ್ಬರ, ರೊಟ್ಟಿ ಹಂಗ ಉಳೀತಾವ.'

ಹಿಂದಿನ ನಾನಾಗಿದ್ದರೆ ಏನು ಬರೀತಿದ್ದೆ ಅಂದರೆ: 'ಅಯ್ಯೋ ಅಣ್ಣಾರ, ಯಾಕ್ರೀ? ನಮ್ಮ ರೊಟ್ಟಿ ಬ್ಯಾಸರ ಆತೇನ್ರೀ? ಊರಿನ ರುಚಿ ಬಿಡಬ್ಯಾಡ್ರೀ. ಅರ್ಧ ಡಬ್ಬಿ ಕಳಸ್ಲೇನ್ರೀ? ನೀವು ಹೇಳಿದ ಮ್ಯಾಲ ಮುಂದಿನದು ನೋಡ್ತೇನಿ.'

ಪ್ರೀತಿಯ ಮಾತೇ ಅಲ್ವಾ? ಆದರೆ ನೋಡಿ. ಯಾಕೆ ಅಂತ ಅವರು ಆಗಲೇ ಹೇಳಿದ್ದಾರೆ, ಮತ್ತೆ ಕೇಳಿದರೆ ನಾನು ಓದೇ ಇಲ್ಲ ಅಂತ ಆಯ್ತು. ಊರಿನ ರುಚಿ ಅಂತ ಎಳೆದರೆ ಬಿಡುವವರಿಗೆ ಸುಮ್ನೆ ಮುಜುಗರ. ಎಲ್ಲಕ್ಕಿಂತ ಕೆಟ್ಟದ್ದು ಕೊನೆಯ ಸಾಲು. ಅವರು ಉತ್ತರ ಕೊಡುವವರೆಗೂ ನಾನು ನಿಲ್ಲಿಸಲ್ಲ ಅಂತ ಅದರ ಅರ್ಥ. ಇನ್ನೊಬ್ಬರಿಗೆ ಹೀಗೇ ಬರೆದು, ಅವರು ಎರಡು ದಿನ ಮೆಸೇಜ್ ನೋಡದೆ, 5ನೇ ತಾರೀಖು ಬಂದೇ ಬಿಟ್ಟಿತ್ತು. ಮತ್ತೆ ಅದೇ ರೀಫಂಡ್ ಕಥೆ.

ಈ ಸಲ ಬರೆದದ್ದು ಹೀಗೆ:

'ನಮಸ್ಕಾರ್ರೀ ಅಣ್ಣಾರ. ನಿಮ್ಮ ಡಬ್ಬಿ ನಿಲ್ಲಿಸೇನ್ರೀ, ಆಟೋಪೇ ಸೈತ ಈಗ ರದ್ದು ಮಾಡೇನಿ. 5ಕ್ಕ ರೊಕ್ಕ ಕಟ್ ಆಗಂಗಿಲ್ಲ. ನಿಮ್ಮ ಆಪ್‌ನ್ಯಾಗ ಆಟೋಪೇ ಅನ್ನೂದರಾಗ ನೋಡ್ರಿ, ನಮ್ಮ ಹೆಸರು ಚಾಲೂ ಅಂತ ಇರಬಾರದು. ಇದ್ದರ ನನಗ ಫೋಟೋ ಕಳಸ್ರಿ. ಕಟ್ ಆಗತೈತಿ ಅಂತ ಮೆಸೇಜ್ ಬಂದಿದ್ದರ ಅದು ಹಳೇದು, ಅಂಜಬ್ಯಾಡ್ರಿ. ಸ್ಟೀಲ್ ಡಬ್ಬಿ ಈ ಶನಿವಾರ ಹುಡುಗ ಬಂದು ಒಯ್ತಾನ, 300 ಅಲ್ಲೇ ಹಾಕತೀನಿ.

ಇಬ್ಬರಿಗೆ ಅಂತ 20 ರೊಟ್ಟಿದು ಒಂದು ಸಣ್ಣ ಡಬ್ಬಿ ಐತ್ರಿ, 480. ಬೇಕಂದ್ರ ಯಾವಾಗರ ಹೇಳ್ರಿ. ಬ್ಯಾಡಂದ್ರ ಇದಕ್ಕ ಉತ್ತರ ಬರಿಯೂ ಜರೂರಿ ಇಲ್ಲ.'

ಮೊದಲ ಭಾಗದಲ್ಲಿ ಕೇಳಿದ್ದು ಆಗಿದೆ ಅನ್ನೋದು, ಅದನ್ನು ಅವರೇ ನೋಡಿಕೊಳ್ಳುವ ದಾರಿ, ಡೆಪಾಸಿಟ್. ಡೆಪಾಸಿಟ್ ವಿಷಯ ನಾವಾಗಿಯೇ ಹೇಳಬೇಕು. 300 ರೂಪಾಯಿ ಕೇಳೋಕೆ ಸಂಕೋಚ ಪಟ್ಟು ಬಿಟ್ಟುಬಿಡುವವರು ಇದ್ದಾರೆ, ಆದರೆ ಅದು ಮನಸ್ಸಲ್ಲಿ ಉಳಿದಿರುತ್ತೆ. ಎರಡನೇ ಭಾಗ ಸಣ್ಣ ಡಬ್ಬಿಯದು, ಒಂದೇ ಸಲ. ಬೆಲೆ ಅಲ್ಲೇ ಇದೆ. 'ಇವತ್ತೇ ಹೇಳಿದರೆ ಮಾತ್ರ' ಅನ್ನುವ ಅವಸರ ಇಲ್ಲ. ಉತ್ತರ ಬರದಿದ್ದರೆ ನಿಂತಿದೆ ಅಂತಲೇ ಅರ್ಥ. ನಾಲ್ಕು ದಿನ ಬಿಟ್ಟು 'ಯೋಚನೆ ಮಾಡಿದ್ರಾ' ಅಂತ ನಾನು ಕೇಳೋದಿಲ್ಲ.

ರೊಟ್ಟಿ ಆಗಲೇ ಬಡಿದಾಗಿದೆ, ಈ ತಿಂಗಳದ್ದೊಂದು ತಗೊಳ್ಳಿ ಅನ್ನೋದನ್ನೂ ಬಿಟ್ಟಿದ್ದೇನೆ. ಖಡಕ್ ರೊಟ್ಟಿ ಒಣಗಿದ ಜಾಗದಲ್ಲಿಟ್ಟರೆ ಕೆಡೋದಿಲ್ಲ, ಬಿಡಿಯಾಗಿ ಮಾರಾಟ ಆಗುತ್ತೆ. ಮೆತ್ತನೆ ರೊಟ್ಟಿ ಮಾರುವವರಿಗೆ ಈ ಅನುಕೂಲ ಇರಲ್ಲ ಬಿಡಿ, ಅವರು ಎಷ್ಟು ದಿನ ಮೊದಲು ಹೇಳಬೇಕು ಅಂತ ಸೇರಿಸಿಕೊಳ್ಳುವಾಗಲೇ ಹೇಳಬೇಕು.

ಇದರಲ್ಲಿ ಒಂದು ನಷ್ಟ ಇರೋದು ನಿಜ. ಮ್ಯಾಂಡೇಟ್ ರದ್ದಾದ ಮೇಲೆ ಸಣ್ಣ ಡಬ್ಬಿ ಬೇಕು ಅಂದರೂ ಹೊಸದಾಗಿ ಒಪ್ಪಿಗೆ ಕೊಡಬೇಕು, ಮತ್ತೆ ಪಿನ್ ಹಾಕಬೇಕು. ಹಿಟ್ಟಿನ ವ್ಯಾಪಾರ ಮಾಡುವ ನನ್ನ ಗೆಳತಿ 'ಉಳಿಯೋರನ್ನೂ ಕಳ್ಕೋತೀಯ' ಅಂತ ಬೈತಾಳೆ. ನಾನು ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ಹೂಂ ಅಂದವರಿಗೆ ಆ ತಿಂಗಳಿಗೆ ಮಾತ್ರ ಸಾದಾ ಪೇಮೆಂಟ್ ಲಿಂಕ್ ಕಳಿಸುತ್ತೇನೆ, ಆಟೋಪೇ ಇಲ್ಲ. ಒಂದೆರಡು ತಿಂಗಳು ಹೀಗೆ ತಗೊಂಡು ಸರಿ ಅನಿಸಿದರೆ ಅವರೇ ಆಟೋಪೇ ಕೇಳ್ತಾರೆ.

ರಿಯಾಯಿತಿ ಕೊಡೋದನ್ನು ಯಾಕೆ ಬಿಟ್ಟೆ ಅಂತಲೂ ಹೇಳಬೇಕು. ಒಂದಷ್ಟು ದಿನ ಬಿಡ್ತೀನಿ ಅಂದವರಿಗೆಲ್ಲ 'ಮುಂದಿನ ಎರಡು ಡಬ್ಬಿ 700ಕ್ಕೆ' ಅಂತಿದ್ದೆ. ಮಗರಪಟ್ಟಾದ ಒಂದೇ ಕಟ್ಟಡದಲ್ಲಿ ನನಗೆ ಐದು ಮನೆ. ಲಿಫ್ಟಿನಲ್ಲಿ ಮಾತು ಆಗಿದೆ. ಮುಂದಿನ ತಿಂಗಳು ಆ ಐದರಲ್ಲಿ ಮೂರು ಮನೆಯವರು ಒಂದೇ ವಾರದಲ್ಲಿ 'ಬಿಡೋಣ ಅಂತಿದ್ದೀವಿ' ಅಂದರು. ನಗು ಬಂತು, ಆದರೆ ಅವರ ತಪ್ಪಿಲ್ಲ. ಬಿಡ್ತೀನಿ ಅಂದರೆ ಕಡಿಮೆ, ಸುಮ್ನೆ ಇದ್ದರೆ ಪೂರ್ತಿ ಬೆಲೆ ಅಂತ ನಾನೇ ಕಲಿಸಿಕೊಟ್ಟಿದ್ದೆ. ಜೊತೆಗೆ ಬಾಗಲಕೋಟೆಯವರ ವಿಷಯ ನೋಡಿ, ಅವರಿಗೆ ರೊಟ್ಟಿ ಉಳೀತಿದೆ, ಕಡಿಮೆ ಬೆಲೆಗೆ ಅಷ್ಟೇ ರೊಟ್ಟಿ ಕೊಟ್ಟರೆ ಏನು ಮಾಡ್ತಾರೆ? ಕಾರಣಕ್ಕೆ ಹೊಂದುವಂಥದ್ದು ಇದ್ದರೆ ಮಾತ್ರ ಹೇಳಬೇಕು. ಉಳೀತಿದೆ ಅಂದರೆ ಸಣ್ಣ ಡಬ್ಬಿ. ಎರಡು ತಿಂಗಳು ಊರಿಗೆ ಹೋಗ್ತೀವಿ ಅಂದರೆ ಆಗ Pause, ಅದೂ ಅವರು ಒಪ್ಪಿದರೆ, ಯಾವ ತಾರೀಖಿನಿಂದ ಮತ್ತೆ ಕಟ್ ಆಗುತ್ತೆ ಅಂತ ಬರೆದು.

ಕೆಲವರಿಗೆ ಏನನ್ನೂ ಹೇಳೋದಿಲ್ಲ. ರೊಟ್ಟಿ ಪುಡಿಪುಡಿಯಾಗಿ ಬಂತು ಅಂತ ಸಿಟ್ಟಿನಲ್ಲಿ ಬಿಡುವವರಿಗೆ ಸಣ್ಣ ಡಬ್ಬಿ ಕಳಿಸಲಾ ಅಂತ ಕೇಳಿದರೆ ಗಾಯಕ್ಕೆ ಉಪ್ಪು. ಅಲ್ಲಿ ನಿಲ್ಲಿಸೋದು, ಆ ತಿಂಗಳ ದುಡ್ಡು ವಾಪಸ್ ಮಾಡೋದು, ಮುಗೀತು. ಕಾರಣ ಹೇಳದೆ 'ಪ್ಲೀಸ್ ಕ್ಯಾನ್ಸಲ್' ಅಂತ ಎರಡೇ ಪದ ಬರೆದವರಿಗೂ ಎರಡೇ ಸಾಲಿನ ಉತ್ತರ. ಕಾರಣ ಕೇಳುವ ಫಾರ್ಮ್ ಒಂದು ಕಳಿಸುತ್ತಿದ್ದೆ ಮೊದಲು, ತುಂಬಿದವರು ಕೈಬೆರಳೆಣಿಕೆ.

ಇದೆಲ್ಲ ಬರೀ ಒಳ್ಳೆಯತನ ಅಂದುಕೊಳ್ಳಬೇಡಿ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಅಂತ 13 ಬಗೆಯ ಮೋಸದ ನಡೆಗಳನ್ನು ಪಟ್ಟಿ ಮಾಡಿದೆ. ಚಂದಾ ನಿಲ್ಲಿಸೋದನ್ನು ಕಷ್ಟ ಮಾಡೋದು ಅದರಲ್ಲಿದೆ. ಬೇಡ ಅಂದವರಿಗೆ ನಾಚಿಕೆ ಆಗೋ ಹಾಗೆ ಮಾತಾಡೋದೂ ಇದೆ. ನನ್ನ 'ಊರಿನ ರುಚಿ ಬಿಡಬ್ಯಾಡ್ರೀ' ಈ ಎರಡನೆಯದರ ಹತ್ತಿರ ಹತ್ತಿರವೇ ಬರುತ್ತೆ ಅಂತ ಓದಿದಾಗ ಗೊತ್ತಾಯ್ತು.

ಬಾಗಲಕೋಟೆಯವರು ನನ್ನ ಉತ್ತರಕ್ಕೆ ಹೆಬ್ಬೆರಳು ಎತ್ತಿದ ಒಂದು ಇಮೋಜಿ ಹಾಕಿದರು, ಅಷ್ಟೇ. ಶನಿವಾರ ಡಬ್ಬಿ ಬಂತು, 300 ಹಾಕಿದೆ. ಸಣ್ಣ ಡಬ್ಬಿ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಈಗ ಪ್ರತಿ ತಿಂಗಳು 3 ಮತ್ತು 4ನೇ ತಾರೀಖು ಊಟಕ್ಕೆ ಮುಂಚೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಎಲ್ಲ ಮೆಸೇಜ್ ನೋಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಬರುವವು ಜಾಸ್ತಿ.